ನನ್ನ ಸೆಲ್ಫಿಯಲ್ಲಿ ಚರ್ಮವೇ ಇರಲಿಲ್ಲ

ಹೆಣ್ಣು ನೋಡೋಕೆ ಬಂದವರು ಉಪ್ಪಿಟ್ಟು, ಕಾಫಿ ಮುಗಿಸಿ ಹೊರಟರು. ಗೇಟಿನ ಹತ್ತಿರ ಚಪ್ಪಲಿ ಹಾಕಿಕೊಳ್ಳುತ್ತಾ ಹುಡುಗನ ತಾಯಿ ನಮ್ಮಮ್ಮನಿಗೆ ಮೆಲ್ಲಗೆ ಅಂದರು, "ಫೋಟೋದಲ್ಲಿ ಸ್ವಲ್ಪ ಬೇರೆ ಥರ ಕಾಣ್ತಿದ್ರು, ಅಲ್ವಾ?" ಬೈಗುಳವೇನಲ್ಲ, ಜಗಳವೂ ಅಲ್ಲ. ಆದರೆ ಕಿಟಕಿಯ ಹಿಂದೆ ನಿಂತಿದ್ದ ನನಗೆ ಅದು ಚೆನ್ನಾಗಿ ಕೇಳಿಸಿತು. ಆ ರಾತ್ರಿ ಹಾಸನದಿಂದ ಬೆಂಗಳೂರಿಗೆ ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ಆ ಫೋಟೋವನ್ನೇ ದೊಡ್ಡದು ಮಾಡಿ ಮಾಡಿ ನೋಡಿದೆ.

ನನಗೆ ಕೋಪ ಬಂದದ್ದು ಯಾಕೆಂದರೆ ನಾನು ಫಿಲ್ಟರ್ ಹಾಕಿಯೇ ಇರಲಿಲ್ಲ. ನಾಯಿಯ ಕಿವಿ, ಹೂವಿನ ಕಿರೀಟ, ಹೊಳೆಯುವ ಕೆನ್ನೆ ಇವೆಲ್ಲ ನನಗೆ ಮೊದಲಿಂದಲೂ ಮುಜುಗರ. ಆಫೀಸಿಗೆ ಹೋಗುವ ಮುಂಚೆ ಫೋನಿನ ಮುಂದಿನ ಕ್ಯಾಮೆರಾದಲ್ಲಿ ಸುಮ್ಮನೆ ತೆಗೆದ ಸೆಲ್ಫಿ ಅದು. ಅದು ನನ್ನ ಮುಖವೇ ಅಂತ ಎರಡು ವರ್ಷದಿಂದ ನಂಬಿದ್ದೆ. ಹಾಗಾಗಿ ಬಾತ್‌ರೂಮಿನ ಕನ್ನಡಿಯಲ್ಲಿ ಕಾಣುವ ಮುಖವೇ ದಿನದಿಂದ ದಿನಕ್ಕೆ ಕೆಡುತ್ತಿದೆ ಅಂತ ತೀರ್ಮಾನ ಮಾಡಿಬಿಟ್ಟೆ.

ಆ ತೀರ್ಮಾನದ ಮೇಲೆ ನಾನು ಮಾಡಿದ ಮೊದಲ ಕೆಲಸ ಶುದ್ಧ ಪೆದ್ದುತನ. ರೂಮಿನ ಪಕ್ಕದ ಮೆಡಿಕಲ್ ಶಾಪಿಗೆ ಹೋಗಿ "ಮುಖದ ಕಲೆಗೆ ಏನಾದ್ರೂ ಕೊಡಿ" ಅಂದೆ. ಅವನು ಕೇಳಿದ್ದು ಒಂದೇ ಪ್ರಶ್ನೆ, "ಸಣ್ಣ ಟ್ಯೂಬಾ, ದೊಡ್ಡದಾ?" ಹತ್ತೇ ದಿನದಲ್ಲಿ ಮುಖ ಬೆಳ್ಳಗಾಯಿತು, ನುಣುಪಾಯಿತು. ಆಫೀಸಿನಲ್ಲಿ ಇಬ್ಬರು "ಏನ್ ಹಚ್ತಿದ್ದೀಯೆ?" ಅಂತ ಕೇಳಿದರು. ಎರಡು ತಿಂಗಳು ಬಿಡದೆ ಹಚ್ಚಿದೆ. ಆಮೇಲೆ ಒಂದು ಸಲ ಊರಿಗೆ ಹೋದಾಗ ಟ್ಯೂಬ್ ಮರೆತೆ. ನಾಲ್ಕನೇ ದಿನಕ್ಕೆ ಕೆನ್ನೆ ಕೆಂಪಾಗಿ ಉರಿಯತೊಡಗಿತು. ಒಲೆಯ ಮುಂದೆ ನಿಂತರೆ ಸಾಕು, ಮುಖಕ್ಕೆ ಖಾರದ ಪುಡಿ ಎರಚಿದ ಹಾಗಾಗುತ್ತಿತ್ತು. ಹದಿನಾರನೇ ವಯಸ್ಸಿನಲ್ಲೂ ಬಾರದಷ್ಟು ಮೊಡವೆ ಗಲ್ಲದ ಮೇಲೆ ಎದ್ದವು. ಬೆಂಗಳೂರಿಗೆ ಬಂದು ಮತ್ತೆ ಹಚ್ಚಿದರೆ ಎರಡೇ ದಿನದಲ್ಲಿ ಎಲ್ಲ ಶಾಂತ. ಬಿಟ್ಟರೆ ಮತ್ತೆ ಉರಿ.

ಚರ್ಮದ ಡಾಕ್ಟರ್ ನನ್ನ ಕಥೆ ಪೂರ್ತಿ ಕೇಳಲೇ ಇಲ್ಲ. "ಟ್ಯೂಬ್ ತಂದಿದ್ದೀಯಾ?" ಅಂದರು. ಹಿಂದೆ ಸಣ್ಣ ಅಕ್ಷರದಲ್ಲಿದ್ದ ಮೂರು ಹೆಸರುಗಳನ್ನು ನನ್ನ ಕೈಯಲ್ಲೇ ಓದಿಸಿದರು. ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಮೊಮೆಟಾಸೋನ್. "ಮೂರನೇದು ಸ್ಟೀರಾಯ್ಡ್. ಬಂಗು ಇರೋರಿಗೆ, ನಾವು ನೋಡ್ಕೊಂಡು, ಸ್ವಲ್ಪ ದಿನಕ್ಕೆ ಮಾತ್ರ ಕೊಡೋ ಔಷಧಿ ಇದು. ಫೇಸ್ ಕ್ರೀಮ್ ಅಲ್ಲ." ಸ್ಟೀರಾಯ್ಡ್ ಹಚ್ಚಿದಾಗ ಚರ್ಮದೊಳಗಿನ ಸಣ್ಣ ರಕ್ತನಾಳಗಳು ಕುಗ್ಗುತ್ತವೆ, ಊತ ಇಳಿಯುತ್ತದೆ. ಅದಕ್ಕೇ ಮುಖ ಬೆಳ್ಳಗೆ, ನುಣ್ಣಗೆ ಕಾಣುವುದು. ಹೆಚ್ಚು ದಿನ ಹಚ್ಚಿದರೆ ಚರ್ಮ ತೆಳ್ಳಗಾಗುತ್ತದೆ. ನಿಲ್ಲಿಸಿದ ಕೂಡಲೇ ಕುಗ್ಗಿದ್ದ ರಕ್ತನಾಳಗಳು ಮತ್ತೆ ಹಿಗ್ಗಿ ಕೆಂಪು, ಉರಿ, ಮೊಡವೆ ಎಲ್ಲ ಒಟ್ಟಿಗೆ ಬರುತ್ತವೆ. ಇಂಥ ಸ್ಟೀರಾಯ್ಡ್ ಕ್ರೀಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದ ಔಷಧಿಗಳ ಪಟ್ಟಿಗೆ ಕೇಂದ್ರ ಸರ್ಕಾರ 2018ರಲ್ಲೇ ಸೇರಿಸಿದೆ. ನನಗೆ ಸಿಕ್ಕಿದ್ದು ಮಾತ್ರ ಚಾಕೊಲೇಟ್ ಸಿಕ್ಕಷ್ಟು ಸಲೀಸಾಗಿ. ನಿಮ್ಮ ಮನೆಯಲ್ಲಿ ಇಂಥ ಟ್ಯೂಬ್ ಇದ್ದರೆ ಹಿಂಬದಿ ಓದಿ. ಮೊಮೆಟಾಸೋನ್, ಬೀಟಾಮೆಥಾಸೋನ್, ಕ್ಲೋಬೆಟಾಸಾಲ್, ಫ್ಲೂಸಿನೋಲೋನ್ ಇವುಗಳಲ್ಲಿ ಯಾವುದಾದರೂ ಕಂಡರೆ ಅದು ಸ್ಟೀರಾಯ್ಡ್. ತಿಂಗಳುಗಟ್ಟಲೆ ಹಚ್ಚಿದ್ದರೆ ನೀವಾಗಿಯೇ ಏನೂ ಮಾಡಬೇಡಿ, ಹೇಗೆ ನಿಲ್ಲಿಸಬೇಕು ಅಂತ ಡಾಕ್ಟರ್ ಹತ್ತಿರವೇ ಕೇಳಿ.

ಕೊನೆಗೆ ನಾಚಿಕೆ ಬಿಟ್ಟು ಫೋನ್ ತೆಗೆದು ಆ ಸೆಲ್ಫಿ ತೋರಿಸಿದೆ. "ಡಾಕ್ಟರ್, ಮತ್ತೆ ಹೀಗೆ ಆಗುತ್ತಾ?" ಅವರು ಫೋನನ್ನು ಕಣ್ಣಿನ ಹತ್ತಿರ ಹಿಡಿದು ಎರಡು ಬೆರಳಲ್ಲಿ ದೊಡ್ಡದು ಮಾಡಿ ನೋಡಿದರು. "ನೋಡಮ್ಮ, ಇದಕ್ಕೆ ನನ್ನ ಹತ್ರ ಔಷಧಿ ಇಲ್ಲ. ಇದರಲ್ಲಿ ಚರ್ಮವೇ ಇಲ್ವಲ್ಲ."

ಮನೆಗೆ ಬಂದು ಕ್ಯಾಮೆರಾ ಸೆಟ್ಟಿಂಗ್ ತೆರೆದೆ. ಮುಂದಿನ ಕ್ಯಾಮೆರಾದಲ್ಲಿ ಬ್ಯೂಟಿ ಮೋಡ್ ಆನ್ ಇತ್ತು. ನಾನು ಆನ್ ಮಾಡಿದ್ದಲ್ಲ, ಫೋನ್ ಕೊಂಡಾಗಲೇ ಹಾಗೆ ಬಂದಿತ್ತು. ಇಷ್ಟು ವರ್ಷ ಸಾಫ್ಟ್‌ವೇರ್ ಬರೆದು ಸಂಬಳ ತಗೊಂಡವಳಿಗೆ ತನ್ನ ಫೋನಿನ ಡೀಫಾಲ್ಟ್ ಸೆಟ್ಟಿಂಗ್ ನೋಡಬೇಕು ಅಂತ ಹೊಳೆದಿರಲಿಲ್ಲ! ಮುಂದಿನ ಭಾನುವಾರ ತಮ್ಮ ಬಂದಿದ್ದ. ಅವನನ್ನು ಕೂರಿಸಿಕೊಂಡು ಒಂದು ಪ್ರಯೋಗ ಮಾಡಿದೆ. ನನ್ನ ಮುಖಕ್ಕೂ ಆ ಫೋಟೋದ ಮುಖಕ್ಕೂ ಇರುವ ವ್ಯತ್ಯಾಸದಲ್ಲಿ ಸಾಫ್ಟ್‌ವೇರ್ ಪಾಲೆಷ್ಟು, ಲೆನ್ಸ್ ಪಾಲೆಷ್ಟು, ನಿಜವಾಗಿ ಚರ್ಮದ ಪಾಲೆಷ್ಟು ಅಂತ ಬೇರೆ ಬೇರೆ ಮಾಡಿ ನೋಡುವುದು ನನ್ನ ಉದ್ದೇಶ.

ಮೊದಲು ಸಾಫ್ಟ್‌ವೇರ್. ಫಿಲ್ಟರ್ ಮಾಡುವ ಕೆಲಸ ಮುಖ್ಯವಾಗಿ ಎರಡು. ಒಂದು, ಮುಖದ ಮೇಲೆ ಕಾಣದ ಚುಕ್ಕಿಗಳನ್ನು ಇಟ್ಟುಕೊಂಡು ಆಕಾರ ಬದಲಿಸುವುದು. ಇದಕ್ಕೆ ಬಳಸುವ ಗೂಗಲ್‌ನ ಮೀಡಿಯಾಪೈಪ್ ಅನ್ನುವ ಉಚಿತ ಸಾಧನ ಒಂದು ಮುಖದ ಮೇಲೆ 468 ಚುಕ್ಕಿಗಳನ್ನು ಗುರುತಿಸುತ್ತದೆ. ಚುಕ್ಕಿ ಸಿಕ್ಕ ಮೇಲೆ ದವಡೆಯ ಚುಕ್ಕಿಗಳನ್ನು ಚೂರು ಒಳಗೆ, ಕಣ್ಣಿನ ಚುಕ್ಕಿಗಳನ್ನು ಚೂರು ಹೊರಗೆ ಎಳೆದರಾಯಿತು. ಮುಖ ಸಣ್ಣ, ಕಣ್ಣು ದೊಡ್ಡದು. ಇನ್ನೊಂದು ಕೆಲಸ ಚರ್ಮವನ್ನು ನುಣುಪು ಮಾಡುವುದು. ಗೋಡೆಗೆ ಪುಟ್ಟಿ ಹಚ್ಚುವವರನ್ನು ನೋಡಿದ್ದೀರಲ್ಲ, ಸಣ್ಣ ಗುಂಡಿ, ಬಿರುಕಿನ ಮೇಲೆಲ್ಲ ಸವರುತ್ತಾರೆ, ಕಿಟಕಿಯ ಚೌಕಟ್ಟಿಗೆ ಮಾತ್ರ ತಾಗಿಸುವುದಿಲ್ಲ. ಫಿಲ್ಟರ್ ಕೂಡ ಹಾಗೇ. ಪ್ರತಿ ಬಿಂದುವಿನ ಬಣ್ಣವನ್ನು ಅಕ್ಕಪಕ್ಕದ ಬಿಂದುಗಳ ಬಣ್ಣದ ಜತೆ ಬೆರೆಸಿ ಸರಾಸರಿ ಮಾಡುತ್ತದೆ. ಆದರೆ ಪಕ್ಕದ ಬಣ್ಣ ತೀರಾ ಬೇರೆ ಇದ್ದರೆ ಬೆರೆಸುವುದಿಲ್ಲ. ಹುಬ್ಬಿನ ಕಪ್ಪಿಗೂ ಚರ್ಮಕ್ಕೂ ಅಂತರ ಜಾಸ್ತಿ, ಹಾಗಾಗಿ ಹುಬ್ಬು ಉಳಿಯುತ್ತದೆ. ಮೊಡವೆ ಕಲೆಗೂ ಚರ್ಮಕ್ಕೂ ಅಂತರ ಕಮ್ಮಿ, ಕಲೆ ಮಾಯ. ಅದರ ಜತೆಗೇ ರೋಮರಂಧ್ರ, ನಕ್ಕಾಗ ಬೀಳುವ ಗೆರೆ, ತುಟಿಯ ಮೇಲಿನ ಸಣ್ಣ ಕೂದಲು ಎಲ್ಲವೂ ಮಾಯ. ಅದಕ್ಕೆ ಕಲೆ ಯಾವುದು, ಚರ್ಮ ಯಾವುದು ಅನ್ನುವ ಭೇದವೇ ಗೊತ್ತಿಲ್ಲ.

ಫಿಲ್ಟರ್ ಏನನ್ನು ತೆಗೆಯುತ್ತದೆ ಅಂತ ಕಣ್ಣಾರೆ ನೋಡಬೇಕೆನಿಸಿತು. ಬ್ಯೂಟಿ ಮೋಡ್ ಆಫ್ ಮಾಡಿ ಒಂದು ಫೋಟೋ ತೆಗೆದೆ. ಅದೇ ಫೋಟೋದ ಪ್ರತಿಗೆ ಗ್ಯಾಲರಿಯ ಎಡಿಟ್‌ನಲ್ಲಿ ಚರ್ಮ ನುಣುಪು ಮಾಡುವ ಗುಂಡಿಯನ್ನಷ್ಟೇ ಒತ್ತಿದೆ. ಆಮೇಲೆ ಎರಡನ್ನೂ ಲ್ಯಾಪ್‌ಟಾಪಿಗೆ ಹಾಕಿ ನಾಲ್ಕು ಸಾಲು ಕೋಡ್ ಬರೆದು ಒಂದರಿಂದ ಇನ್ನೊಂದನ್ನು ಕಳೆದೆ. ಉಳಿದದ್ದು ಬಹಳ ಮಸುಕಾಗಿದ್ದರಿಂದ ಐದು ಪಟ್ಟು ಪ್ರಕಾಶ ಹೆಚ್ಚಿಸಿದೆ. ಕಪ್ಪು ಪರದೆಯ ಮೇಲೆ ಏನು ಬಂತು ಗೊತ್ತಾ? ನಾನೇ. ಮೂಗಿನ ಅಕ್ಕಪಕ್ಕದ ರಂಧ್ರಗಳು, ಏಳನೇ ಕ್ಲಾಸಿನಲ್ಲಿ ಅಮ್ಮ (ಚಿಕನ್ ಪಾಕ್ಸ್) ಬಂದಾಗ ಹಣೆಯ ಮೇಲೆ ಉಳಿದ ಗುಳಿ, ಬಲಗೆನ್ನೆಯ ಕಂದು ಕಲೆಗಳು, ಗಲ್ಲದ ಹತ್ತಿರ ಅಜ್ಜಿಗೂ ಇದ್ದಂಥ ತಿಳಿ ಮಚ್ಚೆ. ತಮ್ಮ ಪಕ್ಕದಿಂದ ಇಣುಕಿ, "ಅಕ್ಕಾ, ಇದರಲ್ಲೇ ನಿನ್ನ ಗುರುತು ಸಿಗುತ್ತೆ, ಆ ಇನ್ನೊಂದರಲ್ಲಿ ಯಾರೋ ಟೂತ್‌ಪೇಸ್ಟ್ ಜಾಹೀರಾತಿನವಳು" ಅಂದ. ಆ ಪರದೆಯಲ್ಲಿ ಕಂಡದ್ದರಲ್ಲಿ ಔಷಧಿಯಿಂದ ಬದಲಾಗುವಂಥದ್ದು ಕೆನ್ನೆಯ ಕಂದು ಕಲೆ ಒಂದೇ ಅಂತ ಆಮೇಲೆ ಡಾಕ್ಟರ್ ಹೇಳಿದರು. ಉಳಿದದ್ದೆಲ್ಲ ಚರ್ಮ ಇದ್ದ ಮೇಲೆ ಇರುವಂಥದ್ದು.

ಬೇರೆಯವರ ಫೋಟೋದಲ್ಲಿ ಇದನ್ನು ಹೇಗೆ ಗುರುತಿಸುವುದು ಅಂತ ಕೇಳಿದರೆ, ಮುಖ ನೋಡಬೇಡಿ, ಮುಖದ ಅಂಚು ನೋಡಿ. ದವಡೆ ಒಳಗೆ ಎಳೆದಾಗ ಹಿಂದಿನ ಬಾಗಿಲ ಚೌಕಟ್ಟು, ಟೈಲ್ಸ್ ಗೆರೆ ಕೂಡ ಸ್ವಲ್ಪ ಬಾಗಿರುತ್ತದೆ. ಕನ್ನಡಕದ ಫ್ರೇಮ್ ಒಂದು ಕಡೆ ಸೊಟ್ಟಗಿರುತ್ತದೆ. ಮುಖ ಕತ್ತಿಗಿಂತ ಎರಡು ಪಟ್ಟು ನುಣುಪಾಗಿರುತ್ತದೆ. ಹಣೆಯ ಅಂಚಿನ ಮರಿಕೂದಲು ಕಾಣೆಯಾಗಿರುತ್ತದೆ. ಹಳೆಯ ಫಿಲ್ಟರಿನ ವೀಡಿಯೋ ಆದರೆ ಮುಖದ ಮುಂದೆ ಕೈ ಬಂದ ತಕ್ಷಣ ಒಂದು ಕ್ಷಣ ಅಸಲಿ ಮುಖ ಬಯಲಾಗುತ್ತಿತ್ತು. ಈಗ ಅದನ್ನೂ ನೆಚ್ಚುವ ಹಾಗಿಲ್ಲ. 2023ರಲ್ಲಿ ಟಿಕ್‌ಟಾಕ್‌ನಲ್ಲಿ ಬಂದ ಬೋಲ್ಡ್ ಗ್ಲಾಮರ್ ಫಿಲ್ಟರ್ ಅಷ್ಟು ಸುದ್ದಿಯಾದದ್ದೇ ಕೈ ಆಡಿಸಿದರೂ ಕಳಚಿ ಬೀಳುವುದಿಲ್ಲ ಅಂತ. ಹಾಗಾಗಿ ಈಗ ನಾನು ಪತ್ತೇದಾರಿಕೆ ಬಿಟ್ಟಿದ್ದೇನೆ. ಮುಖದಲ್ಲಿ ಒಂದೂ ರಂಧ್ರ ಕಾಣದಿದ್ದರೆ ಅದು ಹೋಲಿಸಬಹುದಾದ ಮುಖವಲ್ಲ ಅಂತ ಮುಂದೆ ಹೋಗುತ್ತೇನೆ.

ಇನ್ನು ಲೆನ್ಸ್. ಫಿಲ್ಟರ್ ಆಫ್ ಮಾಡಿದ ಮೇಲೆ ಬಂದ ಸೆಲ್ಫಿ ನೋಡಿ ನಾನು ಅತ್ತಿದ್ದು ನಿಜ. ಮೂಗು ಅಷ್ಟು ದಪ್ಪ ಕಾಣುತ್ತಿತ್ತು. ಇದೇ ಅಸಲಿ ಮುಖ ಅಂದುಕೊಂಡಿದ್ದೆ. ಅದೂ ತಪ್ಪು. ಕೈಯಲ್ಲಿ ಹಿಡಿದ ಫೋನ್ ಮೂಗಿನ ತುದಿಯಿಂದ ಸುಮಾರು 30 ಸೆಂ.ಮೀ. ದೂರದಲ್ಲಿದೆ ಅಂದುಕೊಳ್ಳಿ. ಮೂಗಿನ ತುದಿಗಿಂತ ಕಿವಿಯ ಮುಂಭಾಗ ಸುಮಾರು 12 ಸೆಂ.ಮೀ. ಹಿಂದೆ ಇದೆ, ಅಂದರೆ ಫೋನಿನಿಂದ 42 ಸೆಂ.ಮೀ. ದೂರ. ಹತ್ತಿರ ಇರುವುದು ದೊಡ್ಡದಾಗಿ ಕಾಣುತ್ತದೆ. 42ನ್ನು 30ರಿಂದ ಭಾಗಿಸಿದರೆ 1.4. ಮುಖದ ಅಗಲಕ್ಕೆ ಹೋಲಿಸಿದರೆ ಮೂಗು ಇರಬೇಕಾದ್ದಕ್ಕಿಂತ ಶೇ 40ರಷ್ಟು ಹಿಗ್ಗಿರುತ್ತದೆ. ಈಗ ಅದೇ ಫೋನನ್ನು 150 ಸೆಂ.ಮೀ. ದೂರ, ಅಂದರೆ ಐದಡಿ ದೂರದಲ್ಲಿಡಿ. 162 ಭಾಗಿಸು 150, ಬರುವುದು 1.08 ಮಾತ್ರ. ಎರಡರ ನಡುವಿನ ವ್ಯತ್ಯಾಸ ಹತ್ತಿರ ಹತ್ತಿರ ಶೇ 30. 2018ರಲ್ಲಿ ಅಮೆರಿಕದ ಪ್ಲಾಸ್ಟಿಕ್ ಸರ್ಜರಿ ಪತ್ರಿಕೆಯೊಂದರಲ್ಲಿ ಬಂದ ಲೆಕ್ಕವೂ ಇದೇ. ಒಂದಡಿ ದೂರದ ಸೆಲ್ಫಿಯಲ್ಲಿ ಮೂಗು ಐದಡಿ ದೂರದ ಫೋಟೋಗಿಂತ ಸುಮಾರು ಶೇ 30 ಅಗಲ ಕಾಣುತ್ತದೆ ಅಂತ. ನಮ್ಮನ್ನು ನೋಡುವವರು ಯಾರೂ ಒಂದಡಿ ದೂರದಲ್ಲಿ ಒಂದೇ ಕಣ್ಣಿಟ್ಟು ನೋಡುವುದಿಲ್ಲ. ಹೆಣ್ಣು ನೋಡೋಕೆ ಬಂದವರು ಕೂಡ ಎದುರಿನ ಸೋಫಾದಲ್ಲಿ ಕೂತಿದ್ದರು.

ಕನ್ನಡಿಯದ್ದೂ ಒಂದು ಸಣ್ಣ ಕಿತಾಪತಿ ಇದೆ. ನಾವು ದಿನಾ ನೋಡುವುದು ಎಡ ಬಲ ಅದಲುಬದಲಾದ ಮುಖ. ಹಾಗಾಗಿ ಬೇರೆಯವರು ತೆಗೆದ ಫೋಟೋದಲ್ಲಿ ಬೈತಲೆ, ಮೂಗುಬೊಟ್ಟು, ಸೊಟ್ಟ ನಗು ಎಲ್ಲ ಇನ್ನೊಂದು ಕಡೆ ಬಂದು ಮುಖ ಅಪರಿಚಿತ ಅನಿಸುತ್ತದೆ. 1977ರಲ್ಲಿ ಅಮೆರಿಕದ ಸಂಶೋಧಕರು ಪರೀಕ್ಷಿಸಿದಾಗ ಜನ ತಮ್ಮ ಕನ್ನಡಿ ರೂಪವನ್ನೇ ಹೆಚ್ಚು ಮೆಚ್ಚಿದರು, ಅವರ ಸ್ನೇಹಿತರು ನೇರ ರೂಪವನ್ನು ಮೆಚ್ಚಿದರು. ಇಬ್ಬರಿಗೂ ಇಷ್ಟವಾದದ್ದು ತಾವು ದಿನಾ ನೋಡಿ ರೂಢಿಯಾದ ಮುಖ, ಅಷ್ಟೇ.

ಇಷ್ಟಾದ ಮೇಲೆ ತಮ್ಮ ಒಂದು ಫೋಟೋ ತೆಗೆದ. ಹಾಲಿನ ಕಿಟಕಿಯ ಎದುರು ನಾನು, ಐದಡಿ ದೂರದಲ್ಲಿ ಅವನು, ಹಿಂದಿನ ಕ್ಯಾಮೆರಾ, ಎರಡು ಪಟ್ಟು ಜೂಮ್, ಬೆಳಿಗ್ಗೆ ಹತ್ತು ಗಂಟೆ, ಫಿಲ್ಟರ್ ಇಲ್ಲ. ನೆಲದ ಮೇಲೆ ನಾನು ನಿಂತ ಜಾಗಕ್ಕೆ, ಅವನು ನಿಂತ ಜಾಗಕ್ಕೆ ಟೇಪ್ ಅಂಟಿಸಿದೆವು. ಪ್ರತಿ ತಿಂಗಳ ಮೊದಲ ಭಾನುವಾರ ಅದೇ ಜಾಗ, ಅದೇ ಹೊತ್ತು, ಅದೇ ಲೆಕ್ಕ. ತಮ್ಮ ಬರದಿದ್ದರೆ ಸ್ಟೂಲಿನ ಮೇಲೆ ಫೋನಿಟ್ಟು ಟೈಮರ್ ಹಾಕುತ್ತಿದ್ದೆ. ಆ ಫೋಟೋಗಳನ್ನು ಬೇರೆ ಫೋಲ್ಡರಿಗೆ ಹಾಕಿ ನಡುವೆ ತೆರೆಯುವುದಿಲ್ಲ ಅಂತ ನಿಯಮ ಮಾಡಿಕೊಂಡೆ. ದಿನಾ ನೋಡಿದರೆ ನಿದ್ದೆಗೆಟ್ಟ ಮುಖ, ಉಪ್ಪು ಜಾಸ್ತಿ ತಿಂದು ಊದಿದ ಮುಖ, ಮುಟ್ಟಿನ ಹಿಂದಿನ ವಾರದ ಮೊಡವೆ ಇದೆಲ್ಲ ಸೇರಿ ಗೊಂದಲ ಆಗುತ್ತದೆ, ಔಷಧಿ ಕೆಲಸ ಮಾಡ್ತಿದೆಯೋ ಇಲ್ಲವೋ ತಿಳಿಯುವುದಿಲ್ಲ. ಚರ್ಮದ ಮೇಲ್ಪದರ ಪೂರ್ತಿ ಹೊಸದಾಗೋಕೆ ಸುಮಾರು ನಾಲ್ಕು ವಾರ ಬೇಕು. ಅದಕ್ಕಿಂತ ಮುಂಚೆ ಪರೀಕ್ಷೆ ಮಾಡುವುದು ಬಿತ್ತಿದ ಮಾರನೇ ದಿನ ಮಣ್ಣು ಕೆದಕಿ ನೋಡಿದ ಹಾಗೆ.

ಔಷಧಿಯ ವಿಷಯಕ್ಕೆ ಬಂದರೆ, ಮೊದಲ ಮೂರು ತಿಂಗಳು ಡಾಕ್ಟರ್ ಮುಖ ಚಂದ ಮಾಡುವ ಯಾವುದನ್ನೂ ಕೊಡಲಿಲ್ಲ. ಸ್ಟೀರಾಯ್ಡ್ ಹಾಳು ಮಾಡಿದ್ದು ಸರಿಯಾಗೋ ತನಕ ಪರಿಮಳ ಇಲ್ಲದ ಮಾಯಿಶ್ಚರೈಸರ್, ಮೆದುವಾದ ಫೇಸ್‌ವಾಶ್, ಸನ್‌ಸ್ಕ್ರೀನ್, ಉರಿ ತಡೆಯೋಕೆ ಒಂದು ಮಾತ್ರೆ. ಅಷ್ಟೇ. ಆ ಮೂರು ತಿಂಗಳ ಫೋಟೋ ನೋಡಿದರೆ ಎರಡನೇದು ಮೊದಲನೇದಕ್ಕಿಂತ ಕೆಟ್ಟದಾಗಿದೆ. ಆಗಲೇ ಎಷ್ಟೋ ಜನ ಹೆದರಿ ಮತ್ತೆ ಹಳೇ ಟ್ಯೂಬಿಗೆ ಹೋಗುತ್ತಾರಂತೆ. ನಾನೂ ಒಂದು ರಾತ್ರಿ ಮೆಡಿಕಲ್ ಶಾಪಿನ ಮೆಟ್ಟಿಲವರೆಗೆ ಹೋಗಿ ವಾಪಸ್ ಬಂದಿದ್ದೇನೆ.

ನಾಲ್ಕನೇ ತಿಂಗಳು ರಾತ್ರಿ ಹಚ್ಚೋಕೆ ಅಡಾಪಲೀನ್ ಜೆಲ್ ಕೊಟ್ಟರು. ಇಡೀ ಮುಖಕ್ಕೆ ಒಂದು ಬಟಾಣಿ ಕಾಳಿನಷ್ಟು, ದಿನ ಬಿಟ್ಟು ದಿನ. ಮೊದಲ ಎರಡು ಮೂರು ವಾರ ಚರ್ಮ ಸಿಪ್ಪೆ ಏಳುತ್ತದೆ, ಫಲ ಕಾಣೋಕೆ ಹನ್ನೆರಡು ವಾರ ಬೇಕು ಅಂತ ಮೊದಲೇ ಹೇಳಿದ್ದರು. ಬಸುರಿಯಾಗುವ ಯೋಚನೆ ಇದ್ದವರು ಇದನ್ನು ಬಳಸಬಾರದು, ಹಾಗಾಗಿ ನಾನು ಹಚ್ಚಿದೆ ಅಂತ ನೀವು ಹಚ್ಚಬೇಡಿ, ಕೇಳಿ ಹಚ್ಚಿ. ಸನ್‌ಸ್ಕ್ರೀನ್ ಮಾತ್ರ ಎರಡು ಬೆರಳಿನ ಉದ್ದಕ್ಕೂ ಗೆರೆ ಎಳೆದಷ್ಟು ಬೇಕು. ನಾನು ಮೊದಲು ಹಚ್ಚುತ್ತಿದ್ದುದು ಕಾಡಿಗೆ ಇಟ್ಟಷ್ಟು. ನಮ್ಮಂಥ ಗೋಧಿ ಬಣ್ಣ, ಕಪ್ಪು ಬಣ್ಣದವರಿಗೆ ಮೊಡವೆ ಹೋದ ಮೇಲೆ ಉಳಿಯುವ ಕಂದು ಕಲೆಯೇ ದೊಡ್ಡ ತಲೆನೋವು. ಬಿಸಿಲು ಅದನ್ನು ಇನ್ನೂ ಕಪ್ಪು ಮಾಡುತ್ತದೆ. ಸನ್‌ಸ್ಕ್ರೀನ್ ಬಿಟ್ಟು ಉಳಿದ ಏನೇ ಹಚ್ಚಿದರೂ ತೂತು ಬಿಂದಿಗೆಗೆ ನೀರು ಹೊಯ್ದ ಹಾಗೆ.

ಎಂಟನೇ ತಿಂಗಳು ಫೋಲ್ಡರ್ ತೆರೆದು ಎಲ್ಲ ಫೋಟೋಗಳನ್ನೂ ಸಾಲಾಗಿ ಇಟ್ಟೆ. ಕೆನ್ನೆಯ ಕಂದು ಕಲೆಗಳಲ್ಲಿ ಮೂರು ಪೂರ್ತಿ ಹೋಗಿವೆ, ಉಳಿದವು ತಿಳಿಯಾಗಿವೆ. ಕೆಂಪು ಇಲ್ಲ. ಹಣೆಯ ಗುಳಿ ಹಾಗೇ ಇದೆ, ರಂಧ್ರಗಳು ಹಾಗೇ ಇವೆ. ಕಣ್ಣ ಕೆಳಗಿನ ಕಪ್ಪು ಒಂದು ಚೂರೂ ಬದಲಾಗಿಲ್ಲ. ಅದಕ್ಕೆ ಅಂತ ತಗೊಂಡ ದುಬಾರಿ ಸೀರಮ್ ದಂಡ. ಅದು ಬಣ್ಣವಲ್ಲ, ಅಲ್ಲಿನ ತಗ್ಗಿನ ನೆರಳು, ಅಪ್ಪನಿಗೂ ಹಾಗೇ ಇದೆ ಅಂತ ಡಾಕ್ಟರ್ ಬೆರಳಿಂದ ಚರ್ಮ ಎಳೆದು ತೋರಿಸಿದ ಮೇಲೆ ಅದರ ಹಿಂದೆ ಬೀಳುವುದನ್ನು ಬಿಟ್ಟೆ. ಸೆಲ್ಫಿಗೆ ಹೋಲಿಸಿದ್ದರೆ ಎಂಟು ತಿಂಗಳಲ್ಲಿ ಏನೂ ಆಗಿಲ್ಲ ಅಂತಲೇ ಅನಿಸುತ್ತಿತ್ತು. ಮೊದಲ ಭಾನುವಾರದ ನನಗೆ ಹೋಲಿಸಿದಾಗ ಆದದ್ದೂ ಕಂಡಿತು, ಆಗದ್ದೂ ಕಂಡಿತು.

ಇದರ ಜತೆ ಇನ್ನೆರಡು ಅಭ್ಯಾಸ ಬಿಟ್ಟೆ. ಆಫೀಸಿನ ವೀಡಿಯೋ ಕಾಲ್‌ನಲ್ಲಿ ನಾನು ಮಾತಾಡುವವರನ್ನು ನೋಡುತ್ತಿರಲಿಲ್ಲ, ಮೂಲೆಯ ಸಣ್ಣ ಚೌಕದಲ್ಲಿ ನನ್ನನ್ನೇ ನೋಡುತ್ತಿದ್ದೆ. ದಿನಕ್ಕೆ ಮೂರು ಗಂಟೆ ಮೀಟಿಂಗ್ ಅಂದರೆ ಮೂರು ಗಂಟೆ ಕನ್ನಡಿ. ಝೂಮ್, ಮೀಟ್ ಎರಡರಲ್ಲೂ ನಮ್ಮ ಚಿತ್ರ ನಮಗೆ ಮಾತ್ರ ಕಾಣದ ಹಾಗೆ ಮಾಡಬಹುದು, ಮಾಡಿದೆ. ಮುಖವನ್ನು ದೊಡ್ಡದಾಗಿ ತೋರಿಸುವ ಭೂತಗನ್ನಡಿ ರೂಮ್‌ಮೇಟ್‌ಗೆ ಕೊಟ್ಟೆ. ಅವಳು ಅದನ್ನು ಹುಬ್ಬು ತೀಡೋಕೆ ಬಳಸುತ್ತಾಳೆ, ಅದಕ್ಕೇ ಲಾಯಕ್ಕು ಅದು.

ನನ್ನದು ಇಲ್ಲಿಗೆ ನಿಂತಿತು. ಎಲ್ಲರದ್ದೂ ನಿಲ್ಲುವುದಿಲ್ಲ. ಬೇರೆಯವರ ಕಣ್ಣಿಗೆ ಬೀಳದ ಕೊರತೆಯೊಂದರ ಬಗ್ಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಯೋಚನೆ ಓಡುತ್ತಿದ್ದರೆ, ಅದಕ್ಕಾಗಿ ಮದುವೆ, ಆಫೀಸು ತಪ್ಪಿಸುತ್ತಿದ್ದರೆ, ಕನ್ನಡಿ ಬಿಟ್ಟು ಬರಲಾಗದಿದ್ದರೆ ಅದು ಕ್ರೀಮಿನ ಸಮಸ್ಯೆ ಅಲ್ಲ. ಬಾಡಿ ಡಿಸ್ಮಾರ್ಫಿಕ್ ಡಿಸಾರ್ಡರ್ ಅನ್ನುವ ತೊಂದರೆ ಅದು, ಚಿಕಿತ್ಸೆ ಇದೆ. ಚರ್ಮದ ಡಾಕ್ಟರ್ ಎಷ್ಟು ಸರಿ ಮಾಡಿದರೂ ಅದು ಇನ್ನೊಂದು ಜಾಗಕ್ಕೆ ಹೋಗಿ ಕೂರುತ್ತದೆ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಹೋದ ತಿಂಗಳು ಅಮ್ಮ ಫೋನ್ ಮಾಡಿ, "ಇನ್ನೊಂದು ಕಡೆಯಿಂದ ಕೇಳ್ತಿದ್ದಾರೆ, ಫೋಟೋ ಕಳಿಸೇ" ಅಂದಳು. ಟೇಪ್ ಅಂಟಿಸಿದ ಜಾಗದಲ್ಲಿ ನಿಂತು, ಕಿತ್ತಳೆ ಸೀರೆ ಉಟ್ಟು, ತಮ್ಮ ತೆಗೆದ ಫೋಟೋ ಕಳಿಸಿದೆ. ಐದು ನಿಮಿಷಕ್ಕೆ ವಾಪಸ್ ಫೋನ್. "ಇದ್ಯಾಕೆ ಗಲ್ಲದ ಮಚ್ಚೆ ಕಾಣ್ತಿದೆ?"

"ಇದೆಯಲ್ಲಮ್ಮ, ಅದಕ್ಕೆ."

ಆಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಹಳೇ ಫೋಟೋನೂ ಇರಲಿ ಅಂತ ಇಟ್ಕೊಂಡಿದ್ದೆ, ತೆಗೆದುಬಿಡ್ಲಾ?" ಅಂದಳು. ತೆಗೆದುಬಿಡು ಅಂದೆ. ಊರಿಗೆ ಹೋದಾಗ ಅವಳ ಫೋನಿನ ಬ್ಯೂಟಿ ಮೋಡನ್ನೂ ಆಫ್ ಮಾಡಿಕೊಟ್ಟೆ. ತುಳಸಿಕಟ್ಟೆ ಮುಂದೆ ನಿಂತು ಒಂದು ಸೆಲ್ಫಿ ತೆಗೆದುಕೊಂಡಳು, ಕನ್ನಡಕ ಏರಿಸಿ ನೋಡಿದಳು, ಫೋನನ್ನು ನನ್ನ ಕೈಗೆ ತುರುಕಿದಳು.

"ನಂದು ಮೊದಲಿದ್ದ ಹಾಗೇ ಮಾಡಿಕೊಡು. ನನ್ನನ್ನ ಯಾರೂ ನೋಡೋಕೆ ಬರ್ತಿಲ್ಲ."